‘ನಿಖಿಲ್ ಎಲ್ಲಿದ್ದೀಯಪ್ಪಾ’: ಒಂದು ಮೀಮ್ ಎಷ್ಟು ದೂರ ಹೋಯ್ತು, ಎಲ್ಲಿ ನಿಂತಿತು

2019ರ ಮಾರ್ಚ್ ತಿಂಗಳಲ್ಲಿ ಕನ್ನಡಿಗರ ಫೋನ್‌ಗಳಲ್ಲಿ ಒಂದು ಪುಟ್ಟ ವಿಡಿಯೊ ಓಡಾಡಿತು. ಎಚ್.ಡಿ. ಕುಮಾರಸ್ವಾಮಿ ಮೈಕ್ ಹಿಡಿದು ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂದು ಮಗನನ್ನು ಕೂಗುತ್ತಾರೆ. ಕಿಕ್ಕಿರಿದ ಜನರ ನಡುವಿನಿಂದ ಮಗ ಉತ್ತರ ಕೊಡುತ್ತಾರೆ: ತಾತನನ್ನು, ನಿಮ್ಮನ್ನು ಬೆಳೆಸಿದ ಜನಗಳ ಮಧ್ಯೆಯೇ ಇದ್ದೀನಿ ಎಂಬ ಅರ್ಥದಲ್ಲಿ. ಇಷ್ಟೇ. ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ನಿಖಿಲ್ ಅಭ್ಯರ್ಥಿ ಎಂದು ಆಗಷ್ಟೇ ಗೊತ್ತಾಗಿತ್ತು. ಕೆಲವೇ ದಿನಗಳಲ್ಲಿ ಆ ಕೂಗು ಕಾಲೇಜು, ಆಫೀಸು, ಮದುವೆ ಮನೆ ಎಲ್ಲ ಕಡೆ ಕೇಳತೊಡಗಿತು.

ಆ ತುಣುಕು ಚುನಾವಣೆಯದ್ದಲ್ಲ. ಅದು 2016ರದು. ನಿಖಿಲ್ ನಾಯಕರಾಗಿ ನಟಿಸಿದ ಮೊದಲ ಸಿನಿಮಾ ‘ಜಾಗ್ವಾರ್’ನ ಹಾಡುಗಳ ಬಿಡುಗಡೆ ಸಮಾರಂಭದ್ದು. ಎರಡೂವರೆ ವರ್ಷ ಅದು ಇಂಟರ್‌ನೆಟ್ಟಿನ ಒಂದು ಮೂಲೆಯಲ್ಲಿ ಸುಮ್ನೆ ಬಿದ್ದಿತ್ತು. ಆಗ ಯಾರೂ ಅದನ್ನು ಇಷ್ಟು ದೊಡ್ಡ ತಮಾಷೆ ಮಾಡಲಿಲ್ಲ. 2019ರಲ್ಲಿ ಮಾತ್ರ ಇಡೀ ರಾಜ್ಯ ನಕ್ಕಿತು. ವಿಡಿಯೊ ಒಂದೇ, ಮಾತೂ ಒಂದೇ. ಬದಲಾಗಿದ್ದು ಏನು?

ಬದಲಾಗಿದ್ದು ಸಂದರ್ಭ. ರಾಜಕೀಯ ಮೀಮ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಗುಟ್ಟು ಬಹುಪಾಲು ಇಲ್ಲೇ ಇದೆ. ಸಿನಿಮಾ ಸಮಾರಂಭದಲ್ಲಿ ಹೀರೊ ಎಲ್ಲಿಂದಲೋ ಪ್ರತ್ಯಕ್ಷ ಆಗುವುದು ಮಾಮೂಲಿ. ಹೊಗೆ, ಲೈಟು, ಅಭಿಮಾನಿಗಳ ಕೂಗು, ಜನರ ನಡುವಿನಿಂದ ಎಂಟ್ರಿ, ಇವೆಲ್ಲ ಇರಲೇಬೇಕು. ಇದು ನಾಟಕ ಅಂತ ಅಲ್ಲಿರುವ ಎಲ್ಲರಿಗೂ ಗೊತ್ತು. ಅದನ್ನೇ ನೋಡಲು ಅವರು ಬಂದಿರುತ್ತಾರೆ. ಹಾಗಾಗಿ 2016ರಲ್ಲಿ ಆ ಪ್ರಶ್ನೋತ್ತರ ಯಾರಿಗೂ ಅಷ್ಟಾಗಿ ವಿಚಿತ್ರ ಅನ್ನಿಸಲಿಲ್ಲ.

2019ರಲ್ಲಿ ಅದೇ ‘ಜನಗಳ ಮಧ್ಯೆ ಇದ್ದೀನಿ’ ಅನ್ನುವುದು ಓಟು ಕೇಳುವವನ ಮಾತಾಯಿತು. ಈಗ ಕೇಳುವವನು ಅಭಿಮಾನಿಯಲ್ಲ, ಮತದಾರ. ಮತದಾರ ಆ ಮಾತನ್ನು ಸಂಭಾಷಣೆಯಾಗಿ ತೆಗೆದುಕೊಳ್ಳುವುದಿಲ್ಲ. ಅದನ್ನೊಂದು ಹೇಳಿಕೆಯಾಗಿ ತೆಗೆದುಕೊಂಡು ನಿಜವಾ ಸುಳ್ಳಾ ಅಂತ ತೂಗುತ್ತಾನೆ. ನಿಖಿಲ್ ನಿಜಕ್ಕೂ ಮಂಡ್ಯದ ಜನರ ಮಧ್ಯೆ ಇದ್ದರಾ? ಇದ್ದರೆ ಯಾವತ್ತು? ಮೀಮ್ ಮಾಡಿದವರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲೇ ಇಲ್ಲ. ಹಳೆಯ ವಿಡಿಯೊ ತಂದು ಹೊಸ ಸುದ್ದಿಯ ಪಕ್ಕ ಇಟ್ಟರು. ಪ್ರಶ್ನೆಯನ್ನು ನೋಡಿದವರೇ ಕೇಳಿಕೊಂಡರು.

ವಂಶ ರಾಜಕಾರಣದ ಬಗ್ಗೆ ಒಂದು ಸಂಪಾದಕೀಯ ಬರೆದರೆ ಓದುಗ ಅದನ್ನು ಒಪ್ಪಬಹುದು, ಬಿಡಬಹುದು. ವಾದ ಪೂರ್ತಿ ಬರೆದವನದ್ದು. ಮೀಮ್‌ನಲ್ಲಿ ವಾದದ ಒಂದು ಮುಖ್ಯ ಭಾಗ ಕಾಣೆಯಾಗಿರುತ್ತದೆ. ಅದನ್ನು ನೋಡುವವನು ತನ್ನ ತಲೆಯಿಂದ ತುಂಬುತ್ತಾನೆ. ತುಂಬಿದ ಕೂಡಲೇ ನಗು ಬರುತ್ತದೆ. ತಾನೇ ತುಂಬಿದ್ದರಿಂದ ಅದು ತನ್ನದೇ ಅಭಿಪ್ರಾಯ ಅನ್ನಿಸುತ್ತದೆ. ಆಗ ಅದರ ಜೊತೆ ಜಗಳ ಆಡುವುದು ಕಷ್ಟ. ಒಂದು ಪಕ್ಷದ ವಕ್ತಾರ ಟಿ.ವಿ.ಯಲ್ಲಿ ಕೂತು ವಾದವನ್ನು ಖಂಡಿಸಬಹುದು. ಆದರೆ ಯಾರೂ ಹೇಳದೇ ಇರುವ ಮಾತನ್ನು ಖಂಡಿಸುವುದು ಹೇಗೆ?

ಹಾಗಾದರೆ ಆ ಖಾಲಿ ಜಾಗವನ್ನು ತುಂಬಲು ಏನೇನು ಗೊತ್ತಿರಬೇಕಿತ್ತು? ಸ್ವಲ್ಪ ಬಿಡಿಸಿ ನೋಡೋಣ. ಮೊದಲನೆಯದಾಗಿ, ಕೂಗುತ್ತಿರುವ ಅಪ್ಪ ಆ ಹೊತ್ತಿಗೆ ರಾಜ್ಯದ ಮುಖ್ಯಮಂತ್ರಿ. ಎರಡನೆಯದಾಗಿ, ಉತ್ತರದಲ್ಲಿ ಬರುವ ತಾತ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡ. ಮೂರನೆಯದಾಗಿ, ಆ ಚುನಾವಣೆಯಲ್ಲಿ ಒಂದೇ ಕುಟುಂಬದ ಮೂವರು ಮೂರು ಕ್ಷೇತ್ರದಲ್ಲಿ ನಿಂತಿದ್ದರು: ದೇವೇಗೌಡರು ತುಮಕೂರಿನಲ್ಲಿ, ಒಬ್ಬ ಮೊಮ್ಮಗ ಪ್ರಜ್ವಲ್ ರೇವಣ್ಣ ಹಾಸನದಲ್ಲಿ, ಇನ್ನೊಬ್ಬ ಮೊಮ್ಮಗ ನಿಖಿಲ್ ಮಂಡ್ಯದಲ್ಲಿ. ಹಾಸನ ದೇವೇಗೌಡರದ್ದೇ ಕ್ಷೇತ್ರ. ಅದನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು ಅವರು ತುಮಕೂರಿಗೆ ಹೋಗಿದ್ದರು. ಇಷ್ಟೂ ಗೊತ್ತಿದ್ದವನಿಗೆ ಆ ಎರಡು ಪದದಲ್ಲಿ ಒಂದು ವಂಶವೃಕ್ಷವೇ ಕಾಣುತ್ತದೆ. ಅಪ್ಪ ಕರೆದರೆ ಮಗ ಬರುತ್ತಾನೆ, ಜನ ಕರೆಯಬೇಕಿಲ್ಲ.

ನಗು ಹುಟ್ಟುವುದೂ ಇಲ್ಲೇ. ಆ ಕೂಗಿನ ಧಾಟಿ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಹುಡುಕುವ ಅಪ್ಪನದ್ದು. ಆದರೆ ಹುಡುಕುತ್ತಿರುವುದು ದೊಡ್ಡ ಮನೆತನದ, ಬೆಳೆದು ನಿಂತ ಮಗನನ್ನು. ಅದೂ ಎಲ್ಲಿದ್ದಾನೆ ಅಂತ ಗೊತ್ತಿದ್ದೇ ಹುಡುಕುವ ಹುಡುಕಾಟ. ಸಣ್ಣವರ ಧಾಟಿ, ದೊಡ್ಡವರ ಮನೆ. ಈ ಎರಡು ಹೊಂದುವುದಿಲ್ಲ. ಹೊಂದದೇ ಇರುವುದು ಸಿಕ್ಕಾಗಲೇ ನಾವು ನಗುವುದು, ಅಲ್ವಾ? ಅಧಿಕಾರದಲ್ಲಿ ಇರುವವರ ಬಗ್ಗೆ ಆ ನಗು ಇತ್ತು ಅನ್ನುವುದೂ ಮುಖ್ಯ. ಅದೇ ಧಾಟಿಯಲ್ಲಿ ಒಬ್ಬ ಬಡ ತಂದೆ ಮಗನನ್ನು ಕೂಗಿದ್ದರೆ, ಅದನ್ನು ಹಂಚಿ ನಗುವುದು ಕ್ರೌರ್ಯ ಆಗುತ್ತಿತ್ತು.

ಈ ಮೀಮ್ ಬೆಳೆದ ರೀತಿ ಗಮನಿಸಬೇಕು. ಮೊದಲು ಮೂಲ ವಿಡಿಯೊವೇ ಓಡಿತು. ಆಮೇಲೆ ಅದನ್ನು ಎರಡು ತುಂಡು ಮಾಡಿದರು. ಅಪ್ಪನ ಪ್ರಶ್ನೆ ಹಾಗೇ ಉಳಿಯಿತು. ಮಗನ ಉತ್ತರದ ಜಾಗಕ್ಕೆ ಸಿನಿಮಾ ದೃಶ್ಯ, ಕ್ರಿಕೆಟ್ ತುಣುಕು, ಮೊಬೈಲ್ ಗೇಮ್, ಕಾರ್ಟೂನ್ ಹೀಗೆ ಕೈಗೆ ಸಿಕ್ಕಿದ್ದೆಲ್ಲ ಬಂದು ಕೂತಿತು. ಒಂದು ಮೀಮ್ ಇನ್ನೊಂದು ಸಿನಿಮಾವನ್ನು ನೆನಪಿಸುತ್ತಿತ್ತು. ಆ ಸಿನಿಮಾ ಗೊತ್ತಿದ್ದವರಿಗೆ ನಗು ಎರಡು ಪಟ್ಟು. ಗೊತ್ತಿಲ್ಲದವರಿಗೂ ಅರ್ಧ ನಗು ಖಾತ್ರಿ, ಯಾಕೆಂದರೆ ಪ್ರಶ್ನೆ ಎಲ್ಲರಿಗೂ ಗೊತ್ತಿತ್ತು. ಹೀಗೆ ಪರಿಚಿತವಾದ ಒಂದು ಅರ್ಧ, ಹೊಸದಾದ ಇನ್ನೊಂದು ಅರ್ಧ ಇರುವ ಮೀಮ್‌ಗೆ ಆಯಸ್ಸು ಜಾಸ್ತಿ.

ಇದರಲ್ಲಿ ಒಂದು ತಾಂತ್ರಿಕ ಸಂಗತಿಯೂ ಇದೆ. ಆ ವರ್ಷದ ಹೊತ್ತಿಗೆ ವಾಟ್ಸ್ಆ್ಯಪ್ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ಹಾಕಿತ್ತು. ಒಂದೇ ಫೈಲನ್ನು ಸಾಲುಸಾಲು ಗುಂಪಿಗೆ ತಳ್ಳುವವರಿಗೆ ಅದು ಅಡ್ಡಿ. ಆದರೆ ಜನ ತಾವೇ ಹೊಸದಾಗಿ ಕತ್ತರಿಸಿ, ಅಂಟಿಸಿ ಮಾಡಿದ ಮೀಮ್‌ಗೆ ಅದರಿಂದ ಹೆಚ್ಚು ತೊಂದರೆ ಇಲ್ಲ. ಪ್ರತಿಯೊಂದೂ ಹೊಸ ಫೈಲು. ಮೀಮ್ ನಿಜವಾಗಿ ಹಬ್ಬುವುದು ಹಂಚುವುದರಿಂದ ಅಲ್ಲ, ಮತ್ತೆ ಮತ್ತೆ ಮಾಡುವುದರಿಂದ. ಖರ್ಚಿನ ಲೆಕ್ಕಕ್ಕೂ ಇದು ಸಿಗುವುದಿಲ್ಲ. 2019ರಲ್ಲಿ ಕರ್ನಾಟಕದ ಲೋಕಸಭಾ ಅಭ್ಯರ್ಥಿ 70 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದಿತ್ತು. ಸೋಷಿಯಲ್ ಮೀಡಿಯಾ ಜಾಹೀರಾತಿನ ಲೆಕ್ಕ ಕೊಡಬೇಕು. ಯಾರೋ ಹುಡುಗ ರಾತ್ರಿ ಕೂತು ತನ್ನ ಖುಷಿಗೆ ಮಾಡಿದ ಮೀಮ್ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಅದು ನಿಜಕ್ಕೂ ಅವನ ಖುಷಿಗೆ ಮಾಡಿದ್ದಾ, ಯಾರಾದರೂ ಮಾಡಿಸಿದ್ದಾ ಅಂತ ಹೊರಗಿನಿಂದ ನೋಡಿ ಹೇಳುವುದೂ ಕಷ್ಟ.

ಬೆಳೆದಷ್ಟೂ ಈ ಮೀಮ್ ತನ್ನ ರಾಜಕೀಯವನ್ನು ಕಳೆದುಕೊಂಡಿತು. ಕ್ಲಾಸಿಗೆ ಬಾರದ ಗೆಳೆಯನನ್ನು ‘ಎಲ್ಲಿದ್ದೀಯಪ್ಪಾ’ ಅಂತ ಕರೆದರು. ಕಾಣೆಯಾದ ಮಳೆಯನ್ನು, ಬಾರದ ಬಸ್ಸನ್ನು ಕರೆದರು. ಇದೇ ಮಾತನ್ನು ಸಿನಿಮಾ ಟೈಟಲ್ ಮಾಡಿಕೊಳ್ಳಲು ನಿರ್ಮಾಪಕರು ಫಿಲಂ ಚೇಂಬರ್ ಬಾಗಿಲು ತಟ್ಟಿದರು. ಈ ಹಂತಕ್ಕೆ ಬಂದಾಗ ವಂಶದ ಪ್ರಶ್ನೆ ಎಲ್ಲಿ ಹೋಯಿತು? ಒಂದು ಮೀಮ್‌ನಲ್ಲಿ ರಾಜಕೀಯ ಇನ್ನೂ ಉಳಿದಿದೆಯಾ ಅಂತ ನೋಡಲು ನಾನು ಬಳಸುವ ಪರೀಕ್ಷೆ ಸರಳ. ಅದರಲ್ಲಿರುವ ನಾಯಕನನ್ನು ತೆಗೆದು ಇನ್ಯಾರನ್ನಾದರೂ ಇಟ್ಟು ನೋಡಿ. ಆಗಲೂ ಅಷ್ಟೇ ನಗು ಬಂದರೆ ಅದು ಬರೀ ಜೋಕು. ನಗು ಸತ್ತರೆ, ಆ ನಾಯಕನ ಬಗ್ಗೆ ಅದು ಏನನ್ನೋ ಹೇಳುತ್ತಿತ್ತು ಅಂತ ಅರ್ಥ. ಮಾರ್ಚ್‌ನ ಮೊದಲ ದಿನಗಳಲ್ಲಿ ನಿಖಿಲ್ ಜಾಗದಲ್ಲಿ ಬೇರೆಯವರನ್ನು ಇಟ್ಟರೆ ಅರ್ಥವೇ ಇರುತ್ತಿರಲಿಲ್ಲ. ಮತದಾನದ ದಿನ ಏಪ್ರಿಲ್ 18 ಬರುವ ಹೊತ್ತಿಗೆ ಯಾರನ್ನು ಬೇಕಾದರೂ ಇಡಬಹುದಿತ್ತು.

ಹಾಗಂತ ನಿಖಿಲ್‌ಗೆ ಅದರಿಂದ ನಷ್ಟವೇ ಆಯಿತು ಅನ್ನಲೂ ಆಗದು. ಸಿನಿಮಾ ಮಾಡಿ ಸಿಗದ ಪ್ರಚಾರ ಎರಡು ಪದದಿಂದ ಸಿಕ್ಕಿತು. ಬೀದರಿನಿಂದ ಚಾಮರಾಜನಗರದವರೆಗೆ ಹೆಸರು ಗೊತ್ತಾಯಿತು. ಆದರೆ ಹೆಸರು ಗೊತ್ತಾಗಿದ್ದು ‘ಅಪ್ಪ ಕರೆದ ಮಗ’ ಎಂದು. ಅದನ್ನು ಕಳಚಿಕೊಳ್ಳುವುದು ಸುಲಭವಲ್ಲ.

ಅದೇ ಮಂಡ್ಯದಲ್ಲಿ ಹುಟ್ಟಿದ ಇನ್ನೊಂದು ಮೀಮ್ ಸಂಸಾರದ ಕಥೆ ಬೇರೆ. ಅಂಬರೀಷ್ 2018ರ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. ಪತ್ನಿ ಸುಮಲತಾ ಪಕ್ಷೇತರರಾಗಿ ನಿಂತರು, ಬಿಜೆಪಿ ಬೆಂಬಲ ಕೊಟ್ಟಿತು. ದರ್ಶನ್ ಮತ್ತು ಯಶ್ ಊರೂರು ತಿರುಗಿ ಪ್ರಚಾರ ಮಾಡಿದರು. ಇವರಿಬ್ಬರನ್ನು ‘ಜೋಡೆತ್ತು’ ಎಂದು ಕರೆದರು. ಕುಮಾರಸ್ವಾಮಿ ಅದಕ್ಕೆ ‘ಕಳ್ಳೆತ್ತು’ ಎಂದು ತಿರುಗೇಟು ಕೊಟ್ಟರು. ಈ ಒಂದು ಮಾತು ಸಿಕ್ಕಿದ್ದೇ ತಡ, ಎರಡೂ ಕಡೆಯವರ ಪೋಸ್ಟ್‌ಗಳಲ್ಲಿ ಎತ್ತುಗಳೇ ಎತ್ತುಗಳು.

ಇದನ್ನು ಬೆಂಗಳೂರಿನಲ್ಲಿ ಕೂತು ನೋಡಿದವರಿಗೂ ಮಂಡ್ಯದಲ್ಲಿ ನೋಡಿದವರಿಗೂ ಬೇರೆ ಬೇರೆ ಕಂಡಿರಬೇಕು. ಕಬ್ಬು, ಭತ್ತದ ಸೀಮೆಯಲ್ಲಿ ಜೋಡಿ ಎತ್ತು ಅಂದರೆ ಮನೆಯ ಮರ್ಯಾದೆ. ಇನ್ನೊಬ್ಬರ ಹೊಲಕ್ಕೆ ನುಗ್ಗಿ ಮೇಯುವ ಎತ್ತು ಅಂದರೆ ಊರಿನ ಜಗಳಕ್ಕೆ ಕಾರಣ. ‘ಕಳ್ಳೆತ್ತು’ ಅಂದಾಗ ಕುಮಾರಸ್ವಾಮಿ ಹೇಳಿದ್ದು ಇದನ್ನೇ: ಇವರು ಹೊರಗಿನಿಂದ ಬಂದು ನಮ್ಮ ಬೆಳೆ ಮೇಯುವವರು. ಹಿರಿಯರಿಗೆ ಇನ್ನೂ ಒಂದು ನೆನಪು. 1969ರಲ್ಲಿ ಕಾಂಗ್ರೆಸ್ ಒಡೆಯುವವರೆಗೂ ಅದರ ಚಿಹ್ನೆ ನೊಗ ಹೊತ್ತ ಜೋಡೆತ್ತು. ಇಷ್ಟು ಪದರ ಇರುವ ಮಾತನ್ನು ಹೊರಗಿನ ಯಾವ ಪ್ರಚಾರ ಕಂಪನಿಯೂ ಕೂತು ಯೋಚಿಸಿ ತಯಾರಿಸಲಾರದು ಅನ್ನುವುದು ನನ್ನ ನಂಬಿಕೆ. ನಿಖಿಲ್ ಮೀಮ್ ಅರ್ಥವಾಗಲು ಸುದ್ದಿ ಗೊತ್ತಿದ್ದರೆ ಸಾಕಿತ್ತು. ಅದಕ್ಕೇ ದುಬೈನಲ್ಲಿ, ಅಮೆರಿಕದಲ್ಲಿ ಇರುವ ಕನ್ನಡಿಗರೂ ನಕ್ಕರು. ಎತ್ತಿನ ಮೀಮ್ ಅಷ್ಟು ದೂರ ಹೋಗಲಿಲ್ಲ. ಆದರೆ ಓಟು ಇದ್ದಿದ್ದು ಎತ್ತಿನ ಅರ್ಥ ಗೊತ್ತಿದ್ದ ಊರುಗಳಲ್ಲಿ.

ಫಲಿತಾಂಶ ಮೇ 23ಕ್ಕೆ ಬಂತು. ಸುಮಲತಾ 1,25,876 ಮತಗಳ ಅಂತರದಿಂದ ಗೆದ್ದರು. ಹಿಂದಿನ ವರ್ಷವಷ್ಟೇ ಆ ಲೋಕಸಭಾ ಕ್ಷೇತ್ರದ ಎಂಟೂ ವಿಧಾನಸಭಾ ಸ್ಥಾನಗಳನ್ನು ಜೆಡಿಎಸ್ ಗೆದ್ದಿತ್ತು. ಹಾಗಾಗಿ ‘ಮೀಮ್ ನಿಖಿಲ್‌ನ ಸೋಲಿಸಿತು’ ಎಂಬ ಮಾತು ತುಂಬಾ ಜನರ ಬಾಯಲ್ಲಿ ಬಂತು. ಈಗಲೂ ಬರುತ್ತದೆ. ಇದನ್ನು ಒಪ್ಪುವ ಮೊದಲು ಪಕ್ಕದ ಕ್ಷೇತ್ರದ ಕಡೆ ಕಣ್ಣು ಹಾಯಿಸಬೇಕು.

ಹಾಸನದಲ್ಲಿ ಪ್ರಜ್ವಲ್ ರೇವಣ್ಣ ಅದೇ ದಿನ 1.41 ಲಕ್ಷ ಮತಗಳ ಅಂತರದಿಂದ ಗೆದ್ದರು. ಅವರೂ ಅದೇ ತಾತನ ಮೊಮ್ಮಗ, ಅದೇ ಪಕ್ಷ, ಅದೇ ಮೈತ್ರಿ, ಮೊದಲ ಚುನಾವಣೆ. ಮೀಮ್ ಎತ್ತಿದ ವಂಶದ ಪ್ರಶ್ನೆ ಅಲ್ಲಿಗೂ ಅಷ್ಟೇ ಸಲ್ಲುತ್ತಿತ್ತು. ಅಲ್ಲಿ ಅದು ಏನೂ ಮಾಡಲಿಲ್ಲ. ಇತ್ತ ತುಮಕೂರಿನಲ್ಲಿ ಯಾರ ಮೀಮಿನ ಹಂಗೂ ಇಲ್ಲದೆ ದೇವೇಗೌಡರೇ 13 ಸಾವಿರ ಚಿಲ್ಲರೆ ಮತಗಳಿಂದ ಸೋತರು. ಮೂರು ಕ್ಷೇತ್ರ ಒಟ್ಟಿಗೆ ಇಟ್ಟು ನೋಡಿದರೆ ಮೀಮ್‌ಗೂ ಸೋಲಿಗೂ ನೇರ ನಂಟು ಕಾಣುವುದಿಲ್ಲ.

ಮಂಡ್ಯದಲ್ಲಿ ಬೇರೆ ಕಾರಣಗಳು ಗಟ್ಟಿಯಾಗಿದ್ದವು. ಅಂಬರೀಷ್ ಮೇಲಿನ ಪ್ರೀತಿ ಹಸಿಯಾಗಿತ್ತು. ಜೆಡಿಎಸ್ ಜೊತೆ ದಶಕಗಳಿಂದ ಗುದ್ದಾಡಿದ ಕಾಂಗ್ರೆಸ್ ಕಾರ್ಯಕರ್ತರಿಗೆ ಮೈತ್ರಿ ಇಷ್ಟವಿರಲಿಲ್ಲ. ಬಿಜೆಪಿ ತನ್ನ ಅಭ್ಯರ್ಥಿಯನ್ನು ಹಾಕದೆ ಓಟು ಒಡೆಯದಂತೆ ನೋಡಿಕೊಂಡಿತು. ಪತಿ ತೀರಿಕೊಂಡ ಸ್ವಲ್ಪ ದಿನಕ್ಕೇ ರಾಜಕೀಯಕ್ಕೆ ಬಂದರು ಎಂದು ಸುಮಲತಾ ಬಗ್ಗೆ ಎಚ್.ಡಿ. ರೇವಣ್ಣ ಆಡಿದ ಮಾತು ಹೆಂಗಸರನ್ನು ಕೆರಳಿಸಿತು. ಮೀಮ್ ಇವುಗಳಲ್ಲಿ ಯಾವುದನ್ನೂ ಹುಟ್ಟಿಸಲಿಲ್ಲ. ಅದು ಮಾಡಿದ್ದು ಬೇರೆ ಕೆಲಸ. ಮುಖ್ಯಮಂತ್ರಿಯ ಮಗನ ವಿರುದ್ಧ ಊರಿನಲ್ಲಿ ಜೋರಾಗಿ ಮಾತಾಡುವುದು ಎಲ್ಲರಿಗೂ ಸಾಧ್ಯವಿಲ್ಲ. ಮೀಮ್ ಹಂಚುವುದು ಸಾಧ್ಯ, ‘ತಮಾಷೆಗೆ ಕಳಿಸಿದೆ’ ಅನ್ನಬಹುದು. ಗುಂಪಿನಲ್ಲಿ ಯಾರ್‍ಯಾರು ನಕ್ಕರು ಅಂತ ನೋಡಿದಾಗ ತನ್ನ ಹಾಗೆ ಯೋಚಿಸುವವರು ಇನ್ನೂ ಇದ್ದಾರೆ ಅಂತ ಗೊತ್ತಾಗುತ್ತದೆ. ಒಳಗೆ ಇದ್ದ ಅಸಮಾಧಾನ ಹೊರಗೆ ಬರಲು ಅದೊಂದು ದಾರಿ ಮಾಡಿಕೊಟ್ಟಿತು. ಹಾಸನದಲ್ಲಿ ಆ ಅಸಮಾಧಾನ ಅಷ್ಟು ದೊಡ್ಡದಾಗಿರಲಿಲ್ಲ. ಹಾಗಾಗಿ ಅಲ್ಲಿ ನಗು ನಗುವಾಗಿಯೇ ಉಳಿಯಿತು.

ನಿಖಿಲ್ ಮುಂದೆ 2023ರಲ್ಲಿ ರಾಮನಗರದಲ್ಲಿ, 2024ರ ಉಪಚುನಾವಣೆಯಲ್ಲಿ ಚನ್ನಪಟ್ಟಣದಲ್ಲಿ ಸೋತರು. ಅವರು ಪ್ರತಿ ಸಲ ನಿಂತಾಗಲೂ ಆ ಮಾತು ಮತ್ತೆ ಏಳುತ್ತದೆ. ಏಳುವಾಗ ಅದರ ರಾಜಕೀಯವೂ ಮರಳಿ ಬರುತ್ತದೆ, ಯಾಕೆಂದರೆ ಕರೆಯುವ ಹೆಸರು ಮತ್ತೆ ನಿಜವಾದ ಅಭ್ಯರ್ಥಿಯದ್ದು.

ಇಲ್ಲಿಯವರೆಗೆ ಹೇಳಿದ್ದು ಜನ ತಾವಾಗಿ ಬೆಳೆಸಿದ ಮೀಮ್ ಬಗ್ಗೆ. ಪಕ್ಷವೇ ಕೂತು ಮೀಮ್ ಮಾಡಿದರೆ? ಅದಕ್ಕೂ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರ್‌ಗಳು ಕಾಣಿಸಿಕೊಂಡವು. ಹಣ ಕಟ್ಟುವ ಆ್ಯಪ್‌ನ ಕ್ಯೂಆರ್ ಕೋಡ್ ಫಲಕದ ಥರವೇ ಇತ್ತು. ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖ. ಇಲ್ಲಿ ಶೇ 40 ಸ್ವೀಕರಿಸುತ್ತೇವೆ ಎಂಬ ಬರಹ. ಸ್ಕ್ಯಾನ್ ಮಾಡಿದರೆ ಭ್ರಷ್ಟಾಚಾರದ ದೂರು ಕೊಡಲು ಕಾಂಗ್ರೆಸ್ ಮಾಡಿದ್ದ 40percentsarkara.com ತೆರೆದುಕೊಳ್ಳುತ್ತಿತ್ತು.

ಇದರಲ್ಲಿ ಸಿನಿಮಾ ಇಲ್ಲ, ಗಾದೆ ಇಲ್ಲ. ಎರವಲು ತಂದಿದ್ದು ಟೀ ಅಂಗಡಿಯ ಗಲ್ಲಾಪೆಟ್ಟಿಗೆ ಮೇಲಿನ ಫಲಕವನ್ನು. ದಿನಕ್ಕೆ ನಾಲ್ಕು ಸಲ ಕೈ ತಾನಾಗಿ ಫೋನ್ ತೆಗೆದು ತೋರಿಸುವ ಫಲಕ ಅದು. ಭಾಷೆ, ಜಾತಿ, ಊರು ಯಾವುದೂ ಅಡ್ಡ ಬರುವುದಿಲ್ಲ. ತುಂಬಬೇಕಾದ ಖಾಲಿ ಜಾಗವೂ ಸಣ್ಣದು: ಶೇ 40 ಯಾವುದರದ್ದು? ಉತ್ತರ ಒಂದು ವರ್ಷದಿಂದ ಪೇಪರಿನಲ್ಲಿ ಬರುತ್ತಿತ್ತು. ಕಾಮಗಾರಿಗಳಲ್ಲಿ ಶೇ 40ರಷ್ಟು ಕಮಿಷನ್ ಕೊಡಬೇಕಾಗಿದೆ ಎಂದು ರಾಜ್ಯ ಗುತ್ತಿಗೆದಾರರ ಸಂಘ 2021ರ ಜುಲೈನಲ್ಲಿ ಪ್ರಧಾನಿಗೆ ಪತ್ರ ಬರೆದಿತ್ತು. ಆ ಪತ್ರ ಇಲ್ಲದೆ ಪೋಸ್ಟರ್‌ಗೆ ಅರ್ಥವೇ ಇಲ್ಲ.

ಪೋಸ್ಟರ್ ಅಂಟಿಸಿದವರನ್ನು ಪೊಲೀಸರು ಹಿಡಿದರು. ಆಗ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಅವರೇ ಬೀದಿಗಿಳಿದು ಪೋಸ್ಟರ್ ಅಂಟಿಸಿದರು. ಅವರನ್ನೂ ವಶಕ್ಕೆ ತೆಗೆದುಕೊಂಡರು. ಒಂದು ದಿನದ ಸುದ್ದಿ ವಾರದ ಸುದ್ದಿಯಾಯಿತು. ನಗುವಿಗೆ ಪೊಲೀಸ್ ಉತ್ತರ ಕೊಟ್ಟರೆ ಹೀಗೇ ಆಗುತ್ತದೆ, ಯಾಕೆಂದರೆ ನೋಡದೇ ಇದ್ದವರೂ ಅದರಲ್ಲಿ ಏನಿದೆ ಅಂತ ನೋಡುತ್ತಾರೆ. ನಿಖಿಲ್ ಮೀಮ್ ಹಾಗೆ ಇದು ಸವೆದು ಬರೀ ಜೋಕಾಗಲಿಲ್ಲ ಅನ್ನುವುದನ್ನೂ ಗಮನಿಸಬೇಕು. ‘40’ ಎಂಬ ಅಂಕಿ ಅದನ್ನು ಒಂದೇ ಆರೋಪಕ್ಕೆ ಕಟ್ಟಿಹಾಕಿತ್ತು. ಅದನ್ನು ಬಾರದ ಬಸ್ಸಿಗೆ ಬಳಸಲು ಆಗುವುದಿಲ್ಲ.

ಆದರೆ ಇಲ್ಲೊಂದು ಅಪಾಯ ಇದೆ. ಅಂಕಿ ಇರುವ ಮೀಮ್ ಸಾಕ್ಷಿಯ ಥರ ಕಾಣುತ್ತದೆ. ಗುತ್ತಿಗೆದಾರರು ಮಾಡಿದ್ದು ಆರೋಪ. ಯಾವ ಇಲಾಖೆ, ಯಾವ ಟೆಂಡರ್, ಯಾರ ಬಿಲ್, ಎಷ್ಟು ದುಡ್ಡು ಎಂಬುದು ಪೋಸ್ಟರ್‌ನಲ್ಲಿ ಇರಲಿಲ್ಲ, ಇರಲು ಜಾಗವೂ ಇಲ್ಲ. ನೂರು ಸಲ ನೋಡಿದ ಮೇಲೆ ಆರೋಪ ಮತ್ತು ರುಜುವಾತು ಎರಡೂ ಒಂದೇ ಅನ್ನಿಸತೊಡಗುತ್ತದೆ. 2023ರ ಮೇನಲ್ಲಿ ಕಾಂಗ್ರೆಸ್ 224ರಲ್ಲಿ 135 ಸ್ಥಾನ ಗೆದ್ದಿತು. ಶೇ 40ರ ಆರೋಪದ ತನಿಖೆಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ರಚನೆಯಾಗಿದ್ದು ಅದಾದ ಮೇಲೆ. ಆಯೋಗ ವರದಿ ಕೊಟ್ಟಿದ್ದು 2025ರ ಮಾರ್ಚ್‌ನಲ್ಲಿ. ಮತದಾರ ತೀರ್ಮಾನ ತೆಗೆದುಕೊಂಡು ಆಗಲೇ ಎರಡು ವರ್ಷ ಸಮೀಪಿಸಿತ್ತು.